ಮಾರಿದವರು ಅಮೆರಿಕದಲ್ಲಿ, ತೆರಿಗೆ ಕೊಂಡವರ ಕೈಯಲ್ಲಿ

ಮೈಸೂರಿನ ವಿಜಯನಗರದಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದುಕೊಳ್ಳಿ. ಮನೆಯೊಡೆಯರು ನ್ಯೂಜೆರ್ಸಿಯಲ್ಲಿ ನೆಲೆಸಿ ಹದಿನೈದು ವರ್ಷವಾಗಿದೆ. 2012ರಲ್ಲಿ 45 ಲಕ್ಷಕ್ಕೆ ಕೊಂಡ ಮನೆ ಅದು. ಈಗ ಅವರ ಚಿಕ್ಕಪ್ಪ ಜಿಪಿಎ ಹಿಡಿದುಕೊಂಡು ವ್ಯವಹಾರ ನಡೆಸುತ್ತಿದ್ದಾರೆ. 2025ರ ಜೂನ್‌ನಲ್ಲಿ 1.20 ಕೋಟಿಗೆ ಮಾತು ಮುಗಿದಿದೆ. ಕೊಳ್ಳುವವರು ಸರ್ಕಾರಿ ಕಾಲೇಜಿನಿಂದ ನಿವೃತ್ತರಾದ ಮೇಷ್ಟ್ರು. ಪಿಂಚಣಿಯ ಹಣ ಸ್ವಲ್ಪ, ಮಗನ ಹೆಸರಿನಲ್ಲಿ ಬ್ಯಾಂಕ್ ಸಾಲ ಸ್ವಲ್ಪ ಸೇರಿಸಿ ಕೊಳ್ಳುವ ಅಂದಾಜು. 50 ಲಕ್ಷ ಅಥವಾ ಅದಕ್ಕೂ ಹೆಚ್ಚು ಬೆಲೆಯ ಮನೆಗೆ ಶೇ. 1ರಷ್ಟು ಟಿಡಿಎಸ್ ಹಿಡಿಯಬೇಕು ಎಂಬುದು ಅವರಿಗೆ ಗೊತ್ತು. ಅದರಂತೆ 1.20 ಲಕ್ಷವನ್ನು ಪಕ್ಕಕ್ಕಿಟ್ಟಿದ್ದಾರೆ. ಕರಾರು ಪತ್ರದ ಕರಡನ್ನು ಆಡಿಟರ್‌ಗೆ ತೋರಿಸಿದಾಗ ಅವರು ಬೆಲೆಯನ್ನೂ ನೋಡದೆ ಮೊದಲು ಕೇಳುವ ಪ್ರಶ್ನೆ ಒಂದೇ: "ಮಾರ್ತಾ ಇರೋರು ಎಲ್ಲಿದ್ದಾರೆ?"

ಉತ್ತರ ಕೇಳಿದ ಮೇಲೆ ಲೆಕ್ಕ ಬದಲಾಗುತ್ತದೆ. ಹಿಡಿಯಬೇಕಾದದ್ದು 1.20 ಲಕ್ಷವಲ್ಲ, 17.94 ಲಕ್ಷ.

ಮೇಷ್ಟ್ರಿಗೆ ಸಿಟ್ಟು ಬರುವುದು ಸಹಜ. "ಅಲ್ಲ ಸಾರ್, ಲಾಭ ಅವರದು, ತೆರಿಗೆಯೂ ಅವರದು. ಮಧ್ಯೆ ನನ್ನನ್ನ ಯಾಕೆ ಸಿಕ್ಕಿಸ್ತೀರಿ?"

ನ್ಯಾಯವಾದ ಪ್ರಶ್ನೆ ಇದು, ಬೇರಿನಿಂದಲೇ ಉತ್ತರಿಸಬೇಕಾದದ್ದು. ಮನೆ ಮೈಸೂರಿನಲ್ಲಿದೆ. ಆದ್ದರಿಂದ ಅದನ್ನು ಮಾರಿ ಬಂದ ಲಾಭ ಭಾರತದಲ್ಲೇ ಹುಟ್ಟಿದ ಆದಾಯ ಎಂಬುದು ಆದಾಯ ತೆರಿಗೆ ಕಾಯ್ದೆಯ ನಿಲುವು. ಮಾಲೀಕರು ಯಾವ ದೇಶದಲ್ಲಿದ್ದರೂ, ಯಾವ ದೇಶದ ಪೌರರಾಗಿದ್ದರೂ ಈ ನಿಲುವು ಬದಲಾಗುವುದಿಲ್ಲ. ಅಮೆರಿಕದೊಂದಿಗೆ ಇರುವ ತೆರಿಗೆ ಒಪ್ಪಂದ ಕೂಡ ಇದನ್ನು ತಡೆಯುವುದಿಲ್ಲ. ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳಲು ಮಾರಿದವರಿಗೆ ಅವಕಾಶವಿದೆ, ಅಷ್ಟೇ. ಹಾಗಾಗಿ ತೆರಿಗೆ ಬಾಕಿ ಇರುವುದು ನಿಜ. ವಸೂಲಿ ಹೇಗೆ ಎಂಬುದು ಪ್ರಶ್ನೆ.

ಮೈಸೂರಿನಲ್ಲೇ ಇರುವವರು ಮನೆ ಮಾರಿ ತೆರಿಗೆ ಕಟ್ಟದಿದ್ದರೆ ಇಲಾಖೆಗೆ ಹತ್ತು ದಾರಿಗಳಿವೆ. ನೋಟಿಸ್ ಕೊಡಬಹುದು, ಬ್ಯಾಂಕ್ ಖಾತೆ ತಡೆಹಿಡಿಯಬಹುದು, ಸಂಬಳಕ್ಕೆ ಕೈ ಹಾಕಬಹುದು. ಇಲ್ಲಿನವರಿಗಿರುವ ಶೇ. 1ರ ಕಡಿತ ಹೆಚ್ಚಾಗಿ ಸುಳಿವು ಸಿಗಲೆಂದು ಇರುವಂಥದ್ದು. ಯಾರು ಯಾರಿಗೆ ಎಷ್ಟಕ್ಕೆ ಮಾರಿದರು ಎಂಬುದು 2013ರ ಜೂನ್‌ನಿಂದ ಅದರ ಮೂಲಕ ಇಲಾಖೆಯ ಕಡತಕ್ಕೆ ಸೇರುತ್ತಿದೆ. ನಿಜವಾದ ತೆರಿಗೆಯನ್ನು ಮಾರಿದವರು ರಿಟರ್ನ್ ಸಲ್ಲಿಸುವಾಗ ಕಟ್ಟುತ್ತಾರೆ. ನ್ಯೂಜೆರ್ಸಿಯವರ ವಿಷಯ ಹಾಗಲ್ಲ. ಇಲ್ಲಿದ್ದ ಒಂದೇ ಆಸ್ತಿ ಮಾರಿ, ಹಣ ಆಚೆಗೆ ಹೋದ ಮೇಲೆ ಇಲಾಖೆ ಹಿಡಿಯುವುದಾದರೂ ಏನನ್ನು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಆ ಹಣ ಭಾರತದ ಕೈಗೆಟಕುವ ಜಾಗದಲ್ಲಿ ಇರುವುದು ಒಂದೇ ಗಳಿಗೆ, ಕೊಳ್ಳುವವರ ಖಾತೆಯಿಂದ ಮಾರುವವರ ಖಾತೆಗೆ ಹೊರಡುವ ಮುಂಚೆ. ಆದ್ದರಿಂದ ಕಾಯ್ದೆ ಆ ಗಳಿಗೆಯಲ್ಲೇ ಕೊಳ್ಳುವವರನ್ನು ನಿಲ್ಲಿಸಿ, "ನಮ್ಮ ಪಾಲು ಇಟ್ಟು ಮಿಕ್ಕಿದ್ದು ಕೊಡಿ" ಎನ್ನುತ್ತದೆ. 1961ರ ಕಾಯ್ದೆಯಲ್ಲಿ ಇದು 195ನೇ ಸೆಕ್ಷನ್. ಇಲ್ಲಿ ಕಡಿತವೇ ವಸೂಲಿ.

ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹೊರದೇಶದವರಿಂದ ಇಲ್ಲಿನ ಆಸ್ತಿ ಕೊಂಡವರನ್ನು ಆ ಮಾರಾಟಗಾರರ ಏಜೆಂಟ್ ಎಂದೇ ಪರಿಗಣಿಸಲು ಅದೇ ಕಾಯ್ದೆಯ 163ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ವೊಡಾಫೋನ್ ಪ್ರಕರಣ ಓದುಗರಿಗೆ ನೆನಪಿರಬಹುದು. 2007ರಲ್ಲಿ ಹಚಿಸನ್ ಕಂಪನಿಯಿಂದ ಭಾರತದ ಟೆಲಿಫೋನ್ ವ್ಯವಹಾರವನ್ನು ಕೊಂಡಾಗ 11 ಸಾವಿರ ಕೋಟಿಗೂ ಹೆಚ್ಚಿನ ತೆರಿಗೆಯನ್ನು ಇಲಾಖೆ ಕೇಳಿದ್ದು ಲಾಭ ಮಾಡಿಕೊಂಡ ಹಚಿಸನ್‌ನಿಂದಲ್ಲ, ಕೊಂಡ ವೊಡಾಫೋನ್‌ನಿಂದ. "ಹಣ ಕೊಡುವಾಗ ನೀವು ಹಿಡಿಯಬೇಕಿತ್ತು" ಎಂಬುದೇ ವಾದ. ಅಲ್ಲಿ ಕೈಬದಲಾದದ್ದು ಹೊರದೇಶದ ಕಂಪನಿಯೊಂದರ ಷೇರು. ಹಾಗಾಗಿ 2012ರಲ್ಲಿ ಸುಪ್ರೀಂ ಕೋರ್ಟ್ ವೊಡಾಫೋನ್ ಪರ ತೀರ್ಪು ಕೊಟ್ಟಿತು. ಮೈಸೂರಿನ ಮನೆಗೆ ಆ ವಿನಾಯಿತಿ ಸಿಗುವಂತಿಲ್ಲ. ಮನೆ ಇಲ್ಲೇ ಇದೆಯಲ್ಲ.

ಇನ್ನು "ಹೊರದೇಶದವರು" ಎಂದರೆ ಯಾರು? ಪಾಸ್‌ಪೋರ್ಟ್ ಬಣ್ಣ ಇದನ್ನು ನಿರ್ಧರಿಸುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರೂ ಅನಿವಾಸಿಗಳಾಗಿರಬಹುದು, ಅಮೆರಿಕದ ಪೌರರೂ ಇಲ್ಲಿನ ನಿವಾಸಿಗಳಾಗಿರಬಹುದು. ನೋಡುವುದು ಮಾರಾಟ ನಡೆದ ಹಣಕಾಸು ವರ್ಷದಲ್ಲಿ, ಅಂದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಅವರು ಭಾರತದಲ್ಲಿ ಎಷ್ಟು ದಿನ ಇದ್ದರು ಎಂಬುದನ್ನು. 182 ದಿನ ಇದ್ದರೆ ನಿವಾಸಿ. ಅದಕ್ಕಿಂತ ಕಡಿಮೆ ಇದ್ದವರಿಗೆ ಹಿಂದಿನ ನಾಲ್ಕು ವರ್ಷಗಳ ದಿನಗಳನ್ನೂ ಸೇರಿಸಿ ನೋಡುವ ಇನ್ನೊಂದಷ್ಟು ನಿಯಮಗಳಿವೆ. ಇಲ್ಲಿನ ಆದಾಯ 15 ಲಕ್ಷ ದಾಟುವ ಭಾರತೀಯರು ಭೇಟಿಗೆಂದು ಬಂದು 120 ದಿನ ಕಳೆದರೂ ಆ ಲೆಕ್ಕ ಶುರುವಾಗುತ್ತದೆ. ಅದು ಆಡಿಟರ್ ಕೆಲಸ, ಅವರಿಗೇ ಬಿಡೋಣ.

ಆದರೆ ಎರಡು ಉದಾಹರಣೆ ತಿಳಿದಿರಲಿ. ಅಕ್ಟೋಬರ್ 15ರವರೆಗೆ ಬೆಂಗಳೂರಿನಲ್ಲಿದ್ದು, ಆಮೇಲೆ ಕೆಲಸಕ್ಕೆಂದು ಜರ್ಮನಿಗೆ ಹೋದವರು ಡಿಸೆಂಬರ್‌ನಲ್ಲಿ ಅಲ್ಲಿಂದಲೇ ಮನೆ ಮಾರಿದರೆ ಆ ವರ್ಷದ ಮಟ್ಟಿಗೆ ಅವರು ನಿವಾಸಿ, ಏಕೆಂದರೆ 182 ದಿನ ಆಗಲೇ ಮುಗಿದಿದೆ. ಹತ್ತು ವರ್ಷ ಹೊರಗಿದ್ದು, ವರ್ಷಕ್ಕೊಮ್ಮೆ ತಿಂಗಳ ಮಟ್ಟಿಗೆ ಬಂದು ಹೋಗುತ್ತಿದ್ದವರು ಡಿಸೆಂಬರ್‌ನಲ್ಲಿ ಶಾಶ್ವತವಾಗಿ ಊರಿಗೆ ಮರಳಿ, ಫೆಬ್ರುವರಿಯಲ್ಲಿ ನಿಮ್ಮೆದುರೇ ಕುಳಿತು ಸಹಿ ಹಾಕಿದರೂ ಆ ವರ್ಷಕ್ಕೆ ಅವರು ಅನಿವಾಸಿಯೇ. ಎದುರಿಗೆ ಕುಳಿತಿದ್ದಾರೆ, ಕನ್ನಡದಲ್ಲೇ ಮಾತಾಡುತ್ತಿದ್ದಾರೆ, ಆಧಾರ್ ಇದೆ ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ.

ಕೊಳ್ಳುವವರು ಗಮನಿಸಬಹುದಾದ ಕುರುಹುಗಳಿವೆ. ಹಣವನ್ನು ಎನ್‌ಆರ್‌ಒ ಖಾತೆಗೆ ಹಾಕಲು ಹೇಳಿದರೆ ಬೇರೆ ಸಾಕ್ಷಿ ಬೇಕಿಲ್ಲ. ಜಿಪಿಎ ಹೊರದೇಶದಲ್ಲಿ ಬರೆದು, ಅಲ್ಲಿನ ರಾಯಭಾರ ಕಚೇರಿಯ ಮುದ್ರೆ ಬಿದ್ದು ಬಂದಿದ್ದರೂ ಅಷ್ಟೇ. ಯಾವುದೂ ಸ್ಪಷ್ಟವಿಲ್ಲದಿದ್ದರೆ ಪಾಸ್‌ಪೋರ್ಟಿನ ಬಂದು-ಹೋದ ಮುದ್ರೆಗಳ ಪ್ರತಿಯನ್ನೂ, "ಈ ವರ್ಷ ನಾನು ನಿವಾಸಿ" ಎಂಬ ಲಿಖಿತ ಘೋಷಣೆಯನ್ನೂ ಕೇಳಿ ಪಡೆಯಬೇಕು. ಬರೀ ಘೋಷಣೆ ಪತ್ರ ಸಾಲದು. ಅದು ಸುಳ್ಳಾದರೆ ಇಲಾಖೆ ಮೊದಲು ಬರುವುದು ಕೊಂಡವರ ಹತ್ತಿರವೇ. ಗಂಡ ಅಮೆರಿಕದಲ್ಲಿ, ಹೆಂಡತಿ ಮೈಸೂರಿನಲ್ಲಿ, ಮನೆ ಇಬ್ಬರ ಹೆಸರಿನಲ್ಲಿದ್ದರೆ ಪಾಲಿಗೆ ತಕ್ಕಂತೆ ಅವರ ಭಾಗಕ್ಕೆ ಒಂದು ನಿಯಮ, ಇವರ ಭಾಗಕ್ಕೆ ಇನ್ನೊಂದು.

ಈಗ 17.94 ಲಕ್ಷ ಎಲ್ಲಿಂದ ಬಂತು ನೋಡೋಣ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆ ಮಾರಿದರೆ ಬರುವುದು ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ಅದರ ಮೇಲಿನ ತೆರಿಗೆ ಶೇ. 12.5. ಹಳೆಯ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿಕೊಂಡು ಶೇ. 20 ಕಟ್ಟುವ ಆಯ್ಕೆಯನ್ನು ಅದಕ್ಕೆ ಮುಂಚೆ ಕೊಂಡ ಆಸ್ತಿಗೆ ಇಲ್ಲಿನ ನಿವಾಸಿಗಳಿಗೆ ಉಳಿಸಿಕೊಟ್ಟರು, ಅನಿವಾಸಿಗಳಿಗೆ ಕೊಡಲಿಲ್ಲ. ಈ ಶೇ. 12.5ರ ಮೇಲೆ ಸರ್ಚಾರ್ಜ್ ಇದೆ: ಮೊತ್ತ 50 ಲಕ್ಷ ದಾಟಿದರೆ ತೆರಿಗೆಯ ಶೇ. 10, ಕೋಟಿ ದಾಟಿದರೆ ಶೇ. 15. ಎಲ್ಲಕ್ಕೂ ಮೇಲೆ ಶೇ. 4 ಸೆಸ್. ಮೊತ್ತ ಕೋಟಿ ದಾಟಿದಾಗ ಎಲ್ಲ ಸೇರಿ ಶೇ. 14.95 ಆಗುತ್ತದೆ. 1.20 ಕೋಟಿಗೆ ಅದು 17,94,000. ಎರಡು ವರ್ಷದೊಳಗೆ ಮಾರಿದ್ದರೆ ಮೂಲ ದರವೇ ಶೇ. 30. ಇನ್ನೊಂದು ಮಾತು: ಇಲ್ಲಿ 50 ಲಕ್ಷದ ಮಿತಿ ಇಲ್ಲ. ಅನಿವಾಸಿಯಿಂದ 20 ಲಕ್ಷದ ಸೈಟು ಕೊಂಡರೂ ಹಿಡಿಯಲೇಬೇಕು.

ಇಲ್ಲಿ ಚಿಕ್ಕಪ್ಪನವರು ಮಧ್ಯೆ ಬಾಯಿ ಹಾಕುತ್ತಾರೆ. ಹಾಕಬೇಕಾದದ್ದೇ. "ಏನ್ರೀ ಇದು, ಲಾಭ ಬಂದಿರೋದು 75 ಲಕ್ಷ. ನೀವು 1.20 ಕೋಟಿ ಪೂರ್ತಿಗೆ ಹಿಡೀತೀರಲ್ಲ? ಅಸಲಿಗೂ ತೆರಿಗೆ ಉಂಟೇ?"

ಅಸಲಿಗೆ ತೆರಿಗೆ ಇಲ್ಲ. ಆದರೂ ಪೂರ್ತಿ ಮೊತ್ತದ ಮೇಲೆ ಹಿಡಿಯುವ ಮಾತು ಬಂದದ್ದು 1999ರಲ್ಲಿ ಸುಪ್ರೀಂ ಕೋರ್ಟ್ ಆಂಧ್ರಪ್ರದೇಶದ ಟ್ರಾನ್ಸ್‌ಮಿಷನ್ ಕಾರ್ಪೊರೇಷನ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ. ಕೊಡುವ ಹಣದಲ್ಲಿ ಒಂದಿಷ್ಟು ಭಾಗ ಮಾತ್ರ ಆದಾಯವಾಗಿದ್ದರೂ, ಎಷ್ಟು ಎಂದು ಅಧಿಕಾರಿಯಿಂದ ಗೊತ್ತುಮಾಡಿಸಿಕೊಳ್ಳದಿದ್ದರೆ ಇಡೀ ಮೊತ್ತದ ಮೇಲೆ ಹಿಡಿಯಬೇಕು ಎಂಬುದು ಅದರ ಸಾರ. 2010ರಲ್ಲಿ ಅದೇ ನ್ಯಾಯಾಲಯ ಜಿಇ ಇಂಡಿಯಾ ಟೆಕ್ನಾಲಜಿ ಸೆಂಟರ್ ಪ್ರಕರಣದಲ್ಲಿ ಆ ಮಾತನ್ನು ಸ್ವಲ್ಪ ಹದಗೊಳಿಸಿತು. ಅದು ನಮ್ಮ ಬೆಂಗಳೂರಿನ ಕಂಪನಿ. ಹೊರದೇಶಕ್ಕೆ ಹಣ ಹೋದರೆ ಸಾಕು, ಹಿಡಿಯಲೇಬೇಕು ಎಂಬಂತಿದ್ದ ಕರ್ನಾಟಕ ಹೈಕೋರ್ಟಿನ ತೀರ್ಪು ಅಲ್ಲಿ ಬಿದ್ದುಹೋಯಿತು. ತೆರಿಗೆಗೆ ಒಳಪಡುವ ಮೊತ್ತಕ್ಕೆ ಮಾತ್ರ ಕಡಿತದ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಹಾಗಾದರೆ 75 ಲಕ್ಷಕ್ಕೆ ಮಾತ್ರ ನಾವೇ ಲೆಕ್ಕ ಹಾಕಿ ಹಿಡಿದರಾಯಿತಲ್ಲ ಎಂದು ಕೆಲವರು ಹಾಗೆಯೇ ಮಾಡುತ್ತಾರೆ. ನನ್ನ ಪ್ರಕಾರ ಮನೆ ಕೊಳ್ಳುವ ಸಾಮಾನ್ಯ ಮನುಷ್ಯ ಆ ಸಾಹಸಕ್ಕೆ ಹೋಗಬಾರದು. 2012ರಲ್ಲಿ ನಿಜಕ್ಕೂ 45 ಲಕ್ಷ ಕೊಟ್ಟಿದ್ದರೇ, ಆಮೇಲೆ ಮಹಡಿ ಕಟ್ಟಿಸಿದ ಬಿಲ್ ಇದೆಯೇ, ಹೊಸ ಮನೆ ಕೊಳ್ಳುತ್ತೇನೆ ಎಂದು ಕೇಳುತ್ತಿರುವ ವಿನಾಯಿತಿ ಸಿಗುತ್ತದೆಯೇ ಎಂಬುದೆಲ್ಲ ಮಾರುವವರ ಮನೆಯ ಕಾಗದ. ಅದರಲ್ಲಿ ಒಂದು ತಪ್ಪಿದರೂ ಕಡಿಮೆ ಹಿಡಿದ ಅಪವಾದ ಕೊಂಡವರ ತಲೆಗೆ ಬರುತ್ತದೆ. ಮಾರುವವರ ಆಡಿಟರ್ ಬರೆದುಕೊಟ್ಟ ಲೆಕ್ಕದ ಹಾಳೆ ಚೆನ್ನಾಗಿರಬಹುದು, ಆದರೆ ಅದು ಅಧಿಕಾರಿಯ ಆದೇಶವಲ್ಲ.

ಆದೇಶ ತರುವ ದಾರಿ ಇದೆ. 197ನೇ ಸೆಕ್ಷನ್ ಪ್ರಕಾರ ಮಾರುವವರು ಆದಾಯ ತೆರಿಗೆ ಇಲಾಖೆಯ ಟ್ರೇಸಸ್ ಜಾಲತಾಣದಲ್ಲಿ 13ನೇ ನಮೂನೆಯಲ್ಲಿ ಅರ್ಜಿ ಹಾಕಿ, "ನನಗೆ ಇಷ್ಟು ಕಡಿಮೆ ದರದಲ್ಲಿ ಹಿಡಿದರೆ ಸಾಕು" ಎಂಬ ಪ್ರಮಾಣಪತ್ರ ಪಡೆಯಬಹುದು. ಅಂತರರಾಷ್ಟ್ರೀಯ ತೆರಿಗೆ ವಿಭಾಗದ ಅಧಿಕಾರಿ ಕರಾರು ಪತ್ರ, ಹಳೆಯ ಕ್ರಯಪತ್ರ, ಲಾಭದ ಲೆಕ್ಕ ಎಲ್ಲ ನೋಡಿ ದರ ಗೊತ್ತುಮಾಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಲಾಭ 75 ಲಕ್ಷ, ಅಂದರೆ ಕೋಟಿಗಿಂತ ಕಡಿಮೆ. ಹಾಗಾಗಿ ಸರ್ಚಾರ್ಜ್ ಕೂಡ ಶೇ. 15ರಿಂದ 10ಕ್ಕೆ ಇಳಿಯುತ್ತದೆ. ಎಲ್ಲ ಸೇರಿ ಲಾಭದ ಶೇ. 14.3, ಅಂದರೆ 10,72,500. ಪೂರ್ತಿ ಮೊತ್ತದ ಮೇಲೆ ಹಿಡಿಯುವುದಕ್ಕೂ ಇದಕ್ಕೂ ವ್ಯತ್ಯಾಸ 7,21,500. ಮಾರಿ ನಷ್ಟವೇ ಆಗಿದ್ದರೂ ಇದೇ ದಾರಿ. ಆಗ ಶೂನ್ಯ ದರದ ಪ್ರಮಾಣಪತ್ರ ಕೇಳಬಹುದು.

ಪ್ರಮಾಣಪತ್ರ ಇಲ್ಲದೆ ಹೆಚ್ಚು ಹಿಡಿದರೂ ಆ ಏಳು ಲಕ್ಷ ಎಲ್ಲೂ ಹೋಗುವುದಿಲ್ಲ. ಮಾರಿದವರು ಭಾರತದಲ್ಲಿ ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ. ಆದರೆ ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಅಷ್ಟು ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಚಿಕ್ಕಪ್ಪನವರಿಗೆ ಇದನ್ನು ಬಿಡಿಸಿ ಹೇಳಿದರೆ ಅರ್ಜಿ ಹಾಕಲು ಅವರೇ ಅವಸರ ಮಾಡುತ್ತಾರೆ.

ಈ ಹಂತದಲ್ಲಿ ಎಷ್ಟೋ ವ್ಯವಹಾರ ಎಡವುವುದು ಕ್ರಮ ತಪ್ಪಿದ್ದಕ್ಕೆ. ಪ್ರಮಾಣಪತ್ರ ಹೊರಡುವುದು ನಿರ್ದಿಷ್ಟ ಕೊಳ್ಳುವವರ ಹೆಸರಿಗೆ, ಅವರ ಟ್ಯಾನ್ ಸಂಖ್ಯೆಗೆ. ಟ್ಯಾನ್ ಎಂದರೆ ತೆರಿಗೆ ಹಿಡಿಯುವವರಿಗೆ ಇಲಾಖೆ ಕೊಡುವ ಹತ್ತು ಅಕ್ಷರ-ಅಂಕಿಗಳ ಸಂಖ್ಯೆ. ಪ್ಯಾನ್ ಬೇರೆ, ಇದು ಬೇರೆ. ಶೇ. 1ರ ಕಡಿತಕ್ಕೆ ಅದು ಬೇಡ, 195ಕ್ಕೆ ಬೇಕು. ಆದ್ದರಿಂದ ಮೇಷ್ಟ್ರು ಮೊದಲು 49ಬಿ ನಮೂನೆಯಲ್ಲಿ ಟ್ಯಾನ್‌ಗೆ ಅರ್ಜಿ ಹಾಕಬೇಕು. ಅದು ಬಂದ ಮೇಲೆ ಮಾರುವವರು 13ನೇ ನಮೂನೆ ಹಾಕಬೇಕು. ಮಗನೂ ಜಂಟಿ ಖರೀದಿದಾರನಾದರೆ ಅವನಿಗೂ ಬೇರೆ ಟ್ಯಾನ್, ಅವನ ಪಾಲಿನ ಕಡಿತ ಬೇರೆ. ಪ್ರಮಾಣಪತ್ರ ಬರಲು ಕೆಲವು ವಾರ ಬೇಕು, ಕಾಗದದಲ್ಲಿ ಕೊರತೆ ಇದ್ದರೆ ಇನ್ನೂ ಹೆಚ್ಚು. ಆ ಅವಧಿಯನ್ನು ಕರಾರಿನಲ್ಲೇ ಸೇರಿಸಿಕೊಳ್ಳಬೇಕು.

ಇನ್ನೊಂದು ತೊಡಕು ಮುಂಗಡದ್ದು. ಟಿಡಿಎಸ್ ಹಿಡಿಯುವುದು ನೋಂದಣಿ ದಿನ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಪ್ರತಿ ಸಲ ಹಣ ಕೊಡುವಾಗಲೂ ಹಿಡಿಯಬೇಕು. ಪ್ರಮಾಣಪತ್ರ ಅದು ಹೊರಟ ದಿನದಿಂದ ಮುಂದಿನ ಹಣಕ್ಕೆ ಮಾತ್ರ ಅನ್ವಯ, ಹಿಂದೆ ಕೊಟ್ಟದ್ದಕ್ಕೆ ಅಲ್ಲ. ಮೇಷ್ಟ್ರು ಜೂನ್‌ನಲ್ಲಿ 10 ಲಕ್ಷ ಮುಂಗಡ ಕೊಡುವಾಗ ಇನ್ನೂ ಪ್ರಮಾಣಪತ್ರ ಇಲ್ಲ. ಒಟ್ಟು ಕೊಡಲಿರುವುದು ಕೋಟಿ ದಾಟುವುದರಿಂದ ಮುಂಗಡಕ್ಕೂ ಶೇ. 14.95 ದರವೇ. 1,49,500 ಹಿಡಿದು 8,50,500 ಮಾತ್ರ ಕೊಡಬೇಕು. ಆಮೇಲೆ ಅರ್ಜಿ ಹೋಗಿ, ಹಿಡಿದ ಹಣ ಕಳೆದು ಉಳಿದ 9.23 ಲಕ್ಷ ತೆರಿಗೆಯನ್ನು ಬಾಕಿ 1.10 ಕೋಟಿಗೆ ಹಂಚಿದರೆ ದರ ಶೇ. 8.39ರ ಆಸುಪಾಸಿಗೆ ಬರುತ್ತದೆ. ಅಧಿಕಾರಿ ಹೆಚ್ಚುಕಡಿಮೆ ಅದನ್ನೇ ಬರೆದುಕೊಟ್ಟರು ಎಂದುಕೊಳ್ಳೋಣ. ಮುಂಗಡವನ್ನು ಚಿಕ್ಕದಾಗಿ ಇಟ್ಟುಕೊಂಡರೆ ಇಬ್ಬರಿಗೂ ತೊಂದರೆ ಕಡಿಮೆ.

ಬ್ಯಾಂಕ್ ಸಾಲ ಇದ್ದರೆ ಕಿವಿಗೊಟ್ಟು ಕೇಳಬೇಕಾದ ಮಾತೊಂದಿದೆ. ಬ್ಯಾಂಕಿನವರು ನೋಂದಣಿ ದಿನ ಡಿಡಿಯನ್ನು ನೇರವಾಗಿ ಮಾರುವವರ ಹೆಸರಿಗೆ ಬರೆಯುತ್ತಾರೆ. ಸಾಲದ ಮೊತ್ತ ಪೂರ್ತಿ ಹಾಗೆ ಹೋಗಿ, ಕೈಯಿಂದ ಕೊಡಬೇಕಾದದ್ದೂ ಮೊದಲೇ ಕೊಟ್ಟಾಗಿದ್ದರೆ ತೆರಿಗೆ ಹಿಡಿಯಲು ಹಣವೇ ಉಳಿದಿರುವುದಿಲ್ಲ. ಹಿಡಿಯುವ ಹೊಣೆ ಬ್ಯಾಂಕಿನದಲ್ಲ, ಸಾಲಗಾರರದು. ಆದ್ದರಿಂದ ಸಾಲ ಮಂಜೂರಾಗುವಾಗಲೇ ಕರಾರು ಪತ್ರ, ಪ್ರಮಾಣಪತ್ರ ಎರಡನ್ನೂ ಬ್ಯಾಂಕಿಗೆ ಕೊಟ್ಟು, ತೆರಿಗೆಯಷ್ಟನ್ನು ಕೊಳ್ಳುವವರು ತಮ್ಮ ಕೈಯಲ್ಲಿ ಉಳಿಸಿಕೊಳ್ಳುವಂತೆ ಮೊತ್ತಗಳನ್ನು ಹೊಂದಿಸಬೇಕು.

ಹಿಡಿದ ಮೇಲಿನ ಕೆಲಸ ಅಷ್ಟೇನೂ ಕಷ್ಟವಲ್ಲ. ಆ ತಿಂಗಳು ಹಿಡಿದದ್ದನ್ನು ಮುಂದಿನ ತಿಂಗಳ 7ನೇ ತಾರೀಕಿನೊಳಗೆ 281ನೇ ಚಲನ್ ಮೂಲಕ ಕಟ್ಟಬೇಕು. ಜೂನ್‌ನ ಮುಂಗಡದ್ದು ಜುಲೈ 7ರೊಳಗೆ. ಸೆಪ್ಟೆಂಬರ್‌ನಲ್ಲಿ ನೋಂದಣಿಯಾದರೆ ಅದರದ್ದು ಅಕ್ಟೋಬರ್ 7ರೊಳಗೆ. ಆಮೇಲೆ ಆಯಾ ತ್ರೈಮಾಸಿಕಕ್ಕೆ 27ಕ್ಯೂ ಎಂಬ ವಿವರ ಸಲ್ಲಿಸಬೇಕು, ಇಲ್ಲಿ ಜುಲೈ 31 ಮತ್ತು ಅಕ್ಟೋಬರ್ 31ರೊಳಗೆ. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಹಣ ಕಟ್ಟಿ 27ಕ್ಯೂ ಮರೆತವರು ಬಹಳ. ಅದನ್ನು ಸಲ್ಲಿಸದಿದ್ದರೆ ಕಟ್ಟಿದ ಹಣ ಮಾರಿದವರ ಖಾತೆಗೆ ಜಮೆಯಾಗುವುದಿಲ್ಲ, ನ್ಯೂಜೆರ್ಸಿಯಿಂದ ರಾತ್ರಿಯೆಲ್ಲ ಫೋನು ಬರುತ್ತದೆ. 27ಕ್ಯೂ ಆದ ಮೇಲೆ ಟ್ರೇಸಸ್‌ನಿಂದ 16ಎ ಪ್ರಮಾಣಪತ್ರ ಇಳಿಸಿಕೊಂಡು ಮಾರಿದವರಿಗೆ ಕೊಡಬೇಕು. ಎನ್‌ಆರ್‌ಒ ಖಾತೆಯಿಂದ ಹಣ ಅಮೆರಿಕಕ್ಕೆ ಕಳಿಸುವಾಗ ತೆರಿಗೆ ಕಟ್ಟಿದ ದಾಖಲೆಯನ್ನು ಬ್ಯಾಂಕ್ ಕೇಳುತ್ತದೆ. ಆಗ ಅವರಿಗೆ ಆ ಕಾಗದ ಬೇಕೇ ಬೇಕು.

ಇದನ್ನೆಲ್ಲ ಮಾಡದೆ ಮೇಷ್ಟ್ರು ಶೇ. 1 ಮಾತ್ರ ಹಿಡಿದು, 26ಕ್ಯೂಬಿ ನಮೂನೆಯಲ್ಲಿ 1.20 ಲಕ್ಷ ಕಟ್ಟಿ ಸುಮ್ಮನಾಗಿದ್ದರೆ? ನೋಂದಣಿ ಸಲೀಸಾಗಿ ಆಗುತ್ತಿತ್ತು. ಉಪನೋಂದಣಾಧಿಕಾರಿ ನೋಡುವುದು ಮುದ್ರಾಂಕ ಶುಲ್ಕವನ್ನು, ಈ ಕಡಿತ ಸರಿಯಾಯಿತೇ ಎಂದು ಪರೀಕ್ಷಿಸುವುದು ಅವರ ಕೆಲಸವಲ್ಲ. ಆದರೆ 30 ಲಕ್ಷ ಮತ್ತು ಅದಕ್ಕೂ ಮೇಲಿನ ಪ್ರತಿ ಮಾರಾಟದ ವಿವರ ಅವರ ಕಚೇರಿಯಿಂದ ಇಲಾಖೆಗೆ ಹೋಗುತ್ತದೆ. ಮಾರಿದವರ ಪ್ಯಾನ್ ಅನಿವಾಸಿಯದು, ಕಡಿತ ಮಾತ್ರ ನಿವಾಸಿಯ ನಮೂನೆಯಲ್ಲಿ. ಈ ಅಸಂಗತಿ ಕಂಪ್ಯೂಟರಿಗೆ ಕಾಣಿಸುವುದು ಕಷ್ಟವಲ್ಲ. ನೋಟಿಸ್ ಬರುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿದೆ ಎನ್ನಿ. ಇಡೀ ಬೆಲೆಯ ಮೇಲೆ ಲೆಕ್ಕ ಹಾಕಿದರೆ ಕೊರತೆ 16,74,000. ಅದರ ಮೇಲೆ ತಿಂಗಳಿಗೆ ಶೇ. 1 ಬಡ್ಡಿ, 18 ತಿಂಗಳಿಗೆ 3,01,320. ಹಿಡಿಯದೇ ಬಿಟ್ಟ ತೆರಿಗೆಯಷ್ಟೇ ದಂಡ ಹಾಕುವ ಅಧಿಕಾರವೂ ಇಲಾಖೆಗಿದೆ. ಹಿಡಿದು ಸರ್ಕಾರಕ್ಕೆ ಕಟ್ಟದೆ ಇಟ್ಟುಕೊಂಡವರಿಗಂತೂ ಬಡ್ಡಿ ತಿಂಗಳಿಗೆ ಶೇ. 1.5, ಮೊಕದ್ದಮೆಯ ಭಯವೂ ಉಂಟು.

ಪೂರ್ತಿ ದಾರಿ ಮುಚ್ಚಿಲ್ಲ. ಮಾರಿದವರು ಈ ಲಾಭವನ್ನು ತೋರಿಸಿ ಭಾರತದಲ್ಲಿ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಿದ್ದರೆ, ಅದಕ್ಕೆ ಆಡಿಟರ್ 26ಎ ನಮೂನೆಯಲ್ಲಿ ದೃಢೀಕರಿಸಿದರೆ, ಕೊಂಡವರನ್ನು ತಪ್ಪಿತಸ್ಥರೆಂದು ಪರಿಗಣಿಸುವಂತಿಲ್ಲ. ಮೊದಲು ಈ ಸೌಲಭ್ಯ ನಿವಾಸಿ ಮಾರಾಟಗಾರರ ವಿಷಯದಲ್ಲಿ ಮಾತ್ರ ಇತ್ತು, 2019ರಿಂದ ಅನಿವಾಸಿಗಳಿಗೂ ವಿಸ್ತರಿಸಿದೆ. ಆದರೂ ಅವರು ರಿಟರ್ನ್ ಸಲ್ಲಿಸಿದ ದಿನದವರೆಗಿನ ಬಡ್ಡಿ ತಪ್ಪುವುದಿಲ್ಲ. ಅಷ್ಟಕ್ಕೂ ಹಣ ಎಣಿಸಿಕೊಂಡು ಹೋದವರು ನಿಮ್ಮ ಸಲುವಾಗಿ ರಿಟರ್ನ್ ಸಲ್ಲಿಸಿ, ಅದರ ಪ್ರತಿಯನ್ನೂ ಕಳಿಸಬೇಕು. ಕಳಿಸಿದರೆ ಪುಣ್ಯ.

"ತೆರಿಗೆ ನಾನೇ ಕಟ್ಕೋತೀನಿ, ನೀವು ಪೂರ್ತಿ ಹಣ ಕೊಡಿ. ಬೇಕಾದ್ರೆ ಬಾಂಡ್ ಪೇಪರ್ ಮೇಲೆ ಬರೆದುಕೊಡ್ತೀನಿ" ಎಂಬ ಮಾತು ಕೇಳಿಬಂದಾಗ ಇದನ್ನು ನೆನೆಯಬೇಕು. ಅಂಥ ಬಾಂಡ್ ನಿಮ್ಮಿಬ್ಬರ ನಡುವಿನದು, ಇಲಾಖೆಗೆ ಅದು ಕಟ್ಟುಪಾಡಲ್ಲ. ವಸೂಲಿಗೆ ನೀವೇ ಅಮೆರಿಕದಲ್ಲಿರುವವರ ಮೇಲೆ ದಾವೆ ಹೂಡಬೇಕಾಗುತ್ತದೆ. ಸರ್ಕಾರಕ್ಕೇ ಕಷ್ಟವೆನಿಸಿದ ಕೆಲಸ ಅದು.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದ್ದು, ಈ ಹೊಣೆ ಅದರ 393ನೇ ಸೆಕ್ಷನ್‌ಗೆ ಸೇರಿದೆ. ಮೇಲೆ ಹೇಳಿದ ಸೆಕ್ಷನ್, ನಮೂನೆಗಳ ಸಂಖ್ಯೆ ಹಳೆಯ ಕಾಯ್ದೆಯವು. ಈಗ ಕೊಳ್ಳುವವರು ಹೊಸ ಸಂಖ್ಯೆಗಳನ್ನು ಆಡಿಟರ್ ಹತ್ತಿರ ಕೇಳಿಕೊಳ್ಳಬೇಕು. ಮನೆ ಕೊಳ್ಳುವ ಸಾಮಾನ್ಯ ಜನರಿಗೆ ಟ್ಯಾನ್ ಗೋಜಲು ತಪ್ಪಿಸಿ, ಶೇ. 1ರ ಕಡಿತದಂತೆ ಪ್ಯಾನ್ ಆಧಾರದ ಚಲನ್‌ನಲ್ಲೇ ಈ ತೆರಿಗೆಯನ್ನೂ ಕಟ್ಟಿಸಿಕೊಳ್ಳುವುದಾಗಿ 2026ರ ಬಜೆಟ್‌ನಲ್ಲಿ ಪ್ರಕಟವಾಯಿತು. ಇಷ್ಟು ಹೊತ್ತಿಗೆ ಆಗಬೇಕಿದ್ದ ಸುಧಾರಣೆ. ಒಂದೇ ಒಂದು ಮನೆ ಕೊಳ್ಳುವವರಿಂದ ಕಾರ್ಖಾನೆ ಮಾಲೀಕರಂತೆ ಟ್ಯಾನ್ ಮಾಡಿಸುವುದರಲ್ಲಿ ಅರ್ಥವಿರಲಿಲ್ಲ. ಆದರೆ ಸರಳವಾಗುವುದು ಕಟ್ಟುವ ವಿಧಾನ ಮಾತ್ರ. ಶೇ. 12.5ರ ದರ, ಮುಂಗಡದಿಂದಲೇ ಹಿಡಿಯುವ ಹೊಣೆ, ಕಡಿಮೆ ದರಕ್ಕೆ ಪ್ರಮಾಣಪತ್ರ ಬೇಕೆಂಬ ನಿಯಮ ಹಾಗೆಯೇ ಇರುತ್ತವೆ.

ಮೇಷ್ಟ್ರ ಕ್ರಯಪತ್ರಕ್ಕೆ ಮರಳಿದರೆ, ಅದರ ಹಣ ಸಂದಾಯದ ಕಲಮಿನಲ್ಲಿ ಮೂರು ಸಾಲು ಇರಬೇಕು. ಜೂನ್‌ನಲ್ಲಿ ಮಾರುವವರ ಎನ್‌ಆರ್‌ಒ ಖಾತೆಗೆ ಕೊಟ್ಟ 8,50,500 ಒಂದು. ನೋಂದಣಿ ದಿನ ಕೊಟ್ಟ 1,00,77,100 ಇನ್ನೊಂದು. ಮಾರುವವರ ಪರವಾಗಿ ಹಿಡಿದು ಸರ್ಕಾರಕ್ಕೆ ಕಟ್ಟಿದ ಅಥವಾ ಕಟ್ಟಬೇಕಾದ ತೆರಿಗೆ 10,72,400 ಮೂರನೆಯದು. ಮೂರೂ ಸೇರಿದರೆ 1.20 ಕೋಟಿ. ಹಿಡಿದ ತೆರಿಗೆಯೂ ಬೆಲೆಯ ಭಾಗವೇ, ತನಗೆ ಪೂರ್ತಿ ಹಣ ಸಂದಿದೆ ಎಂದು ಮಾರುವವರು ಅಲ್ಲೇ ಒಪ್ಪಿ ಸಹಿ ಹಾಕಬೇಕು. ಅದಿಲ್ಲದಿದ್ದರೆ ಹತ್ತು ಲಕ್ಷ ಬಾಕಿ ಇದೆ ಎಂದು ನಾಳೆ ಜಿಪಿಎ ಹಿಡಿದು ಬರುವವರಿಗೆ ತೋರಿಸಲು ಮೇಷ್ಟ್ರ ಹತ್ತಿರ 16ಎ ಹಾಳೆ ಬಿಟ್ಟರೆ ಬೇರೇನೂ ಇರುವುದಿಲ್ಲ.